ಸ್ಥಾಪಕಿಯ ಪರಿಚಯ: ಮಲ್ಪೆಯ ಐಸ್ ಪ್ಲಾಂಟಿನಿಂದ ಮೀನಿನ ಶೀತಪೆಟ್ಟಿಗೆಯವರೆಗೆ

ನಾನು ಹುಟ್ಟಿ ಬೆಳೆದದ್ದು ಮಲ್ಪೆ ಬಂದರಿನ ಹತ್ತಿರ. ಮನೆಮಾತು ತುಳು. ಅಪ್ಪ 31 ವರ್ಷ ಐಸ್ ಪ್ಲಾಂಟೊಂದರಲ್ಲಿ ಅಮೋನಿಯ ಕಂಪ್ರೆಸರ್ ನಡೆಸುತ್ತಿದ್ದರು. ಅಮ್ಮ ಬಂದರಿನ ಏಲಂನಲ್ಲಿ ಮೀನು ಹಿಡಿದು, ಬುಟ್ಟಿಯನ್ನು ಬಸ್ಸಿಗೇರಿಸಿಕೊಂಡು ಉಡುಪಿಯ ಬೀದಿಗಳಲ್ಲಿ ಮಾರುತ್ತಿದ್ದರು. ಒಂದೇ ಮನೆಯಲ್ಲಿ ಒಬ್ಬರು ಐಸ್ ತಯಾರಿಸುತ್ತಿದ್ದರೆ ಇನ್ನೊಬ್ಬರು ಐಸ್ ಇಲ್ಲದೆ ಮೀನು ಕೆಡಿಸಿಕೊಳ್ಳುತ್ತಿದ್ದರು ಎಂಬುದು ಆಗ ನನಗೆ ವಿಚಿತ್ರವೆಂದು ತೋರಲಿಲ್ಲ. ಮೀನು ಮಾರುವವರಿಗೆ ಶೀತಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಾ ಇಂದು ನಾವು ನಡೆಸುತ್ತಿರುವ ವ್ಯವಹಾರವೆಲ್ಲ ಆ ವಿಚಿತ್ರವನ್ನು ತಡವಾಗಿ ಗಮನಿಸಿದ್ದರ ಫಲ.

2009ರಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಮೇಲೆ ಎಂಟು ವರ್ಷ ಪುಣೆಯಲ್ಲಿ ಶೀತವಾಹನಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಐಸ್‌ಕ್ರೀಮ್ ಗಾಡಿಗಳಲ್ಲಿ ಬಳಸುವ ಕೋಲ್ಡ್ ಪ್ಲೇಟ್‌ಗಳ ವಿಭಾಗ. ಉಪ್ಪುಮಿಶ್ರಿತ ದ್ರಾವಣವನ್ನು ಮುಚ್ಚಿದ ಫಲಕದೊಳಗೆ ರಾತ್ರಿಯಿಡೀ ಗಟ್ಟಿಯಾಗಿಸಿದರೆ, ಅದು ಮರುದಿನ ಕರಗುತ್ತಾ ಹೋಗುವಷ್ಟು ಹೊತ್ತು ಎಂಜಿನ್ನಿನ ನೆರವಿಲ್ಲದೆ ಪೆಟ್ಟಿಗೆಯನ್ನು ತಂಪಾಗಿಡುತ್ತದೆ. ಕೊನೆಯ ಮೂರು ವರ್ಷ ಒಂಬತ್ತು ಜನರ ತಂಡವನ್ನು ಮುನ್ನಡೆಸಿದೆ. ಫಲಕದ ವಿನ್ಯಾಸ, ಸೋರಿಕೆ ಪರೀಕ್ಷೆ, ಪೂರೈಕೆದಾರರೊಂದಿಗಿನ ಚೌಕಾಸಿ ಎಲ್ಲವೂ ನನ್ನ ಹೊಣೆಯಾಗಿತ್ತು.

2017ರಲ್ಲಿ ಊರಿಗೆ ಮರಳಿ ಮೊದಲು ಮಾಡಿದ ಉದ್ಯಮ ಸೋತಿತು. ಹೂಡಿಕೆದಾರರು ಅದನ್ನು ಬೇರೆಯವರಿಂದ ಕೇಳುವುದಕ್ಕಿಂತ ಇಲ್ಲಿಯೇ ಓದುವುದು ಒಳ್ಳೆಯದು. ಮೀನಿನ ಏಲಂ ಅನ್ನು ಮೊಬೈಲ್‌ಗೆ ತರುವ ಆ್ಯಪ್ ಅದು. ಇಬ್ಬರು ಹಿತೈಷಿಗಳು 20 ಲಕ್ಷ ರೂಪಾಯಿ ಹಾಕಿದ್ದರು. ಮೀನನ್ನು ಕಣ್ಣಿಂದ ನೋಡಿ, ಕಿವಿರು ಎತ್ತಿ, ಬೆರಳಿಂದ ಒತ್ತಿ ಬೆಲೆ ಕಟ್ಟುವ ಜನರ ಮುಂದೆ ನಾನು ಫೋಟೊ ಹಿಡಿದಿದ್ದೆ ಎಂಬುದು ಸಣ್ಣ ತಪ್ಪು. ದೊಡ್ಡ ತಪ್ಪು ಬೇರೆ. ಬಂದರಿನಲ್ಲಿ ಕಮಿಷನ್ ಏಜೆಂಟರು ಬೆಲೆಯನ್ನಷ್ಟೇ ಕೂಗುವುದಿಲ್ಲ. ಬೆಳಿಗ್ಗೆ ಕೊಟ್ಟ ಮೀನಿನ ಹಣಕ್ಕೆ ಸಂಜೆಯವರೆಗೆ, ಕೆಲವೊಮ್ಮೆ ವಾರದವರೆಗೆ ಕಾಯುತ್ತಾರೆ. ಸಾಲ ಕೊಡುವವರನ್ನು ಬದಿಗಿಟ್ಟು ಕಟ್ಟಿದ ಮಾರುಕಟ್ಟೆಗೆ ಯಾರೂ ಬರಲಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಅದನ್ನು ಮುಚ್ಚಿ, ಉಳಿದಿದ್ದ 6.5 ಲಕ್ಷವನ್ನು ಇಬ್ಬರಿಗೂ ಹಿಂತಿರುಗಿಸಿದೆ. ಅವರಲ್ಲೊಬ್ಬರು ಈಗಿನ ಕಂಪನಿಯಲ್ಲಿಯೂ ಪಾಲುದಾರರು.

ಆ್ಯಪ್ ಮುಚ್ಚಿದ ಮೇಲೆ ಅಮ್ಮನ ಜೊತೆ ವ್ಯಾಪಾರ ಮಾಡುತ್ತಿದ್ದ 11 ಮಹಿಳೆಯರ ಹಿಂದೆ 46 ದಿನ ನೋಟುಪುಸ್ತಕ ಹಿಡಿದು ತಿರುಗಿದೆ. ಹಿಡಿದ ಬೆಲೆ, ಗಂಟೆಗಂಟೆಗೆ ಮಾರಿದ ಬೆಲೆ, ಉಳಿದ ಮೀನು, ಬಸ್ ಚಾರ್ಜು ಎಲ್ಲವನ್ನೂ ಬರೆದುಕೊಂಡೆ. ಬೆಳಿಗ್ಗೆ ಎಂಟಕ್ಕೆ ನೂರು ರೂಪಾಯಿಗೆ ನಾಲ್ಕರಂತೆ ಹೋಗುತ್ತಿದ್ದ ಬಂಗುಡೆ ಮಧ್ಯಾಹ್ನ ಒಂದಕ್ಕೆ ಏಳೆಂಟಕ್ಕೆ ಇಳಿಯುತ್ತಿತ್ತು. ಸಂಜೆಗೆ ಉಳಿದದ್ದು ಉಪ್ಪು ಹಚ್ಚಿ ಒಣಗಿಸುವ ಪಾಲಿಗೆ. ಹಾಗಿದ್ದರೆ ಐಸ್ ಏಕೆ ಹಾಕುವುದಿಲ್ಲವೆಂದು ಕೇಳಿದಾಗ ನಾನು ನಿರೀಕ್ಷಿಸಿದ್ದ ಉತ್ತರ ಹಣದ್ದು. ಸಿಕ್ಕ ಉತ್ತರ ನೀರಿನದು. ಕರಗಿದ ಐಸ್ ಬುಟ್ಟಿಯಿಂದ ಬಸ್ಸಿನೊಳಗೆ ಸೋರುತ್ತದೆ, ಕಂಡಕ್ಟರ್ ಬಯ್ಯುತ್ತಾನೆ, ಪಕ್ಕದವರು ಎದ್ದು ಹೋಗುತ್ತಾರೆ. ಅದಲ್ಲದೆ ಹೊತ್ತದ್ದರಲ್ಲಿ ಅರ್ಧ ಭಾರ ಐಸಿನದೇ ಆಗುತ್ತದೆ. ಅವರಿಗೆ ಬೇಕಿದ್ದದ್ದು ಸೋರದ ತಂಪು. ಬಂಗುಡೆ, ಬೂತಾಯಿಯಂಥ ಮೀನುಗಳಲ್ಲಿ ಇದು ರುಚಿಯ ಪ್ರಶ್ನೆ ಮಾತ್ರವೂ ಅಲ್ಲ: ಬಿಸಿಲಿನಲ್ಲಿ ಅವುಗಳೊಳಗೆ ಉಂಟಾಗುವ ಹಿಸ್ಟಮಿನ್ ಎಂಬ ವಿಷಾಂಶ ಬೇಯಿಸಿದರೂ ಹೋಗುವುದಿಲ್ಲ.

ಪುಣೆಯಲ್ಲಿ ಕಲಿತದ್ದೂ ಅಪ್ಪನ ಪ್ಲಾಂಟೂ ಕೂಡಿಬಂದದ್ದು ಇಲ್ಲಿ. ಐಸ್ ಪ್ಲಾಂಟಿನಲ್ಲಿ ನೀರು ತುಂಬಿದ ಡಬ್ಬಗಳನ್ನು ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಐಸ್ ಕಟ್ಟುತ್ತಾರೆ. ಅದೇ ತೊಟ್ಟಿಯ ಅಂಚಿನ ಖಾಲಿ ಜಾಗದಲ್ಲಿ ನಮ್ಮ ಫಲಕಗಳನ್ನು ರಾತ್ರಿ ತೂಗುಹಾಕಿದರೆ ಬೆಳಗಿನ ಜಾವಕ್ಕೆ ಅವು ಸಿದ್ಧ. ಹೊಸ ಶೀತಲೀಕರಣ ಯಂತ್ರ ಕೊಳ್ಳಬೇಕಾಗಿಲ್ಲ. ಪ್ಲಾಂಟಿನ ಮಾಲೀಕರಿಗೆ ಫಲಕವೊಂದಕ್ಕೆ ಇಷ್ಟೆಂದು ಕೊಟ್ಟರಾಯಿತು. ಈ ಲೆಕ್ಕವನ್ನು ಮೊದಲು ಹೇಳಿದವರು ಅಪ್ಪ. ಹಾಳೆಯ ಮೇಲೆ ಅದನ್ನು ಸಾಬೀತುಪಡಿಸಲು ನನಗೆ ಎರಡು ವಾರ ಹಿಡಿಯಿತು.

ಕಂಪನಿ ನೋಂದಣಿಯಾದದ್ದು 2019ರಲ್ಲಿ. ಆ ನವೆಂಬರಿನಲ್ಲಿ ಈ ಫಲಕಗಳಿಂದ ತಂಪಾಗಿರುವ 40 ಪೆಟ್ಟಿಗೆಗಳನ್ನು ದಿನಬಾಡಿಗೆಗೆ ಇಳಿಸಿದೆವು. ಸಂಜೆ ವ್ಯಾಪಾರ ಮುಗಿದ ಮೇಲೆ ಬಾಡಿಗೆ ಪಡೆಯುವ ಕ್ರಮವನ್ನು ಆ್ಯಪಿನ ಸೋಲಿನಿಂದ ಕಲಿತಿದ್ದೆವು. ಮೂರೇ ತಿಂಗಳಲ್ಲಿ ಪೆಟ್ಟಿಗೆಗಳ ಕೀಲುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿದವು. ಬಂದರಿನಲ್ಲಿ ಬಲೆ ಸರಿಪಡಿಸುವ ಹಿರಿಯರೊಬ್ಬರು ನೈಲಾನ್ ಹಗ್ಗದಿಂದ ಕೀಲು ಹೆಣೆದು ತೋರಿಸಿದರು. 180 ರೂಪಾಯಿಯ ಕೀಲಿನ ಜಾಗಕ್ಕೆ 22 ರೂಪಾಯಿಯದು ಬಂತು, ಇಂದಿಗೂ ಅದೇ ಇದೆ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಬಾಡಿಗೆಯಲ್ಲಿದ್ದ 38 ಪೆಟ್ಟಿಗೆಗಳೂ ಮೂಲೆ ಸೇರಿದಾಗ, ಕೇಳುವ ಮೊದಲೇ ಎಲ್ಲರ 1,500 ರೂಪಾಯಿ ಠೇವಣಿಯನ್ನು ಮರಳಿಸಿದೆವು. ಆ ವರ್ಷದ ಕೊನೆಗೆ ಅವರಲ್ಲಿ 35 ಜನ ಹಿಂದೆ ಬಂದರು.

ಈ ವ್ಯಾಪಾರದ ದೊಡ್ಡ ಪರೀಕ್ಷೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೊದಲ ಎರಡು ವರ್ಷ ಆ 61 ದಿನ ನಮಗೆ ಬಹುತೇಕ ಆದಾಯವಿರಲಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ ಎಂಬುದನ್ನು ನೋಡಿ, ಅಲ್ಲಿಂದ ಲಾರಿಗಳಲ್ಲಿ ಬರುವ ಮೀನನ್ನು ಮಂಗಳೂರಿನ ದಕ್ಕೆಯಿಂದ ಹೋಟೆಲುಗಳಿಗೆ ತಲುಪಿಸುವವರಿಗೆ 2022ರಿಂದ ಪೆಟ್ಟಿಗೆ ಕೊಡುತ್ತಿದ್ದೇವೆ. ಈಗ ಆ ಎರಡು ತಿಂಗಳ ಸಂಬಳ ಆ ಎರಡು ತಿಂಗಳಲ್ಲೇ ಹುಟ್ಟುತ್ತದೆ.

ಇಂದು ಮಲ್ಪೆ ಮತ್ತು ಮಂಗಳೂರುಗಳಲ್ಲಿ 620 ಪೆಟ್ಟಿಗೆಗಳಿವೆ; ದಿನವೂ ಸರಾಸರಿ ಹತ್ತರಲ್ಲಿ ಏಳು ಬಾಡಿಗೆಯಲ್ಲಿರುತ್ತವೆ. ಎರಡನೆಯ ಆದಾಯ ದೋಣಿಗಳಿಂದ. ಹತ್ತು ದಿನದ ಆಳಸಮುದ್ರ ಮೀನುಗಾರಿಕೆಯಲ್ಲಿ ಮೊದಲ ದಿನಗಳ ಮೀನು ತಳದಲ್ಲಿ ಬಿದ್ದು, ಕೊನೆಗೆ ಅಗ್ಗದ ರಾಶಿಗೆ ಸೇರುತ್ತದೆ; ಅದನ್ನು ತಪ್ಪಿಸಲು ದೋಣಿಯ ಐಸ್ ಕೋಣೆಗೆ ಪಾಲಿಯುರೆಥೇನ್ ಹೊದಿಕೆಯನ್ನೂ ಅಂತಸ್ತುಗಳನ್ನೂ ಅಳವಡಿಸುತ್ತೇವೆ. 2024–25ರಲ್ಲಿ ಬಾಡಿಗೆಯಿಂದ 52 ಲಕ್ಷ, 14 ದೋಣಿಗಳ ಕೆಲಸದಿಂದ 49 ಲಕ್ಷ, ಒಟ್ಟು 1.01 ಕೋಟಿ ರೂಪಾಯಿ ಬಂದಿದೆ. ಖರ್ಚು ಕಳೆದು ಉಳಿದದ್ದು 6 ಲಕ್ಷ. ದೋಣಿಯ ಕೆಲಸವನ್ನು ತಂದವರು ನನ್ನ ಸಹಸ್ಥಾಪಕರು. 22 ವರ್ಷ ದೋಣಿ ನಡೆಸುವ ತಾಂಡೇಲರಾಗಿದ್ದ ಅವರ ಮಾತಿಗೆ ಬಂದರಿನಲ್ಲಿರುವ ಬೆಲೆ ನನ್ನ ಪದವಿಗಿಲ್ಲ.

ಕಂಪನಿಯಲ್ಲಿ ನನ್ನ ಪಾಲು ಶೇ 61, ಸಹಸ್ಥಾಪಕರದು ಶೇ 22, ಇಬ್ಬರು ಆರಂಭಿಕ ಹೂಡಿಕೆದಾರರದು ಶೇ 17. ನಾನು ಸ್ವಂತವಾಗಿ ಹಾಕಿದ್ದು 18 ಲಕ್ಷ. ಬ್ಯಾಂಕಿನ 24 ಲಕ್ಷದ ಸಾಲದಲ್ಲಿ 9 ಲಕ್ಷ ಬಾಕಿಯಿದ್ದು, ಒಂದು ಕಂತೂ ತಪ್ಪಿಲ್ಲ. ನನಗೆ ಗೊತ್ತಿಲ್ಲದ ಕೆಲಸಗಳೂ ಇವೆ. ನಮ್ಮಿಬ್ಬರಲ್ಲಿ ಯಾರೂ ಕರ್ನಾಟಕದ ಹೊರಗೆ ವ್ಯಾಪಾರ ಕಟ್ಟಿದವರಲ್ಲ, ಲೆಕ್ಕಪತ್ರಗಳನ್ನು ಇದುವರೆಗೆ ಹೊರಗಿನ ಲೆಕ್ಕಪರಿಶೋಧಕರ ಭರವಸೆಯ ಮೇಲೆ ನಡೆಸಿದ್ದೇವೆ. ಈ ಸುತ್ತಿನ ಹೂಡಿಕೆಯ ಹಣ ಬಂದ ಕೂಡಲೇ ಭರ್ತಿ ಮಾಡುವ ಮೊದಲ ಎರಡು ಹುದ್ದೆಗಳು ಹಣಕಾಸಿನ ಮುಖ್ಯಸ್ಥರದು ಮತ್ತು ಕಾಸರಗೋಡಿನಿಂದ ದಕ್ಷಿಣದ ಬಂದರುಗಳನ್ನು ಬಲ್ಲ ವ್ಯವಸ್ಥಾಪಕರದು.