ಪ್ಲೇಸ್‌ಮೆಂಟ್ ವಾರಕ್ಕೆ ಏನು ಹಾಕೋದು?

ಪ್ರೀತಿಯ ಪುಟ್ಟಿ,

ಸೋಮವಾರದಿಂದ ಪ್ಲೇಸ್‌ಮೆಂಟ್ ಅಂತ ಅಮ್ಮ ಹೇಳಿದಳು. ಸುಮ್ನೆ ಹೊಸ ಬಟ್ಟೆಗೆ ದುಡ್ಡು ಸುರಿಯಬೇಡ. ಆನ್‌ಲೈನ್ ಟೆಸ್ಟ್ ದಿನ ನಿನ್ನ ಕಾಟನ್ ಕುರ್ತಾ ಸಾಕು. ಇಂಟರ್‌ವ್ಯೂಗೆ ನನ್ನ ತಿಳಿನೀಲಿ ಶರ್ಟು, ಕಪ್ಪು ಪ್ಯಾಂಟು ಕಳಿಸಿದ್ದೇನೆ. ಹಾಕಿಕೊಂಡು ಒಮ್ಮೆ ಕೂತು ನೋಡು. ಎದೆ ಹತ್ತಿರ ಗುಂಡಿ ಎಳೆದರೆ ಒಳಗಡೆಯಿಂದ ಪಿನ್ನು ಹಾಕು. ಬಿಳಿ ಶರ್ಟು ಮಾತ್ರ ಬೇಡ, ಮೆಸ್ಸಿನ ಸಾಂಬಾರು ನೆನಪಿದೆ ಅಲ್ವಾ?

ಹೊಸ ಶೂ ಇವತ್ತಿನಿಂದಲೇ ಹಾಸ್ಟೆಲಿನಲ್ಲಿ ಹಾಕಿಕೊಂಡು ಓಡಾಡು. ನಾನು ಹಾಗೆ ಮಾಡದೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಎಚ್‌ಆರ್ ರೌಂಡಿಗೆ ಕುಂಟುತ್ತಾ ಹೋಗಿದ್ದೆ. ಗಲಗಲ ಅನ್ನುವ ಬಳೆ ಬೇಡ. ಹಣೆಬೊಟ್ಟು ನಿನ್ನಿಷ್ಟ. ಇಸ್ತ್ರಿ ಹಿಂದಿನ ರಾತ್ರಿಯೇ ಮಾಡಿಡು, ಬೆಳಿಗ್ಗೆ ಕರೆಂಟನ್ನು ನಂಬಬೇಡ.

ಶರ್ಟು ವಾಪಸ್ ಬೇಕು, ಮರೀಬೇಡ!

ನಿನ್ನ ಅಕ್ಕ