ಜೂನ್ ಟೈಮ್‌ಶೀಟ್: ನಾಳೆ ಸಂಜೆ 4ರೊಳಗೆ ಎಲ್ಲರೂ ಒಮ್ಮೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ,

ಜೂನ್ ತಿಂಗಳಿಗೆ ನಮ್ಮ 19 ಜನರ ತಂಡದಿಂದ 95 ಟೈಮ್‌ಶೀಟ್ ಬರಬೇಕು. ಇವತ್ತು ಬೆಳಿಗ್ಗೆ 10ಕ್ಕೆ ನೋಡಿದಾಗ 81 ಬಂದಿದ್ದವು. ಉಳಿದ 14 ನಾಳೆ, ಜುಲೈ 3, ಶುಕ್ರವಾರ ಸಂಜೆ 4 ಗಂಟೆಯೊಳಗೆ ಬಂದರೆ ಸೋಮವಾರ ಹೋಗುವ ಇನ್‌ವಾಯ್ಸ್‌ನಲ್ಲಿ ಇಡೀ ತಿಂಗಳ ಕೆಲಸ ಲೆಕ್ಕಕ್ಕೆ ಸಿಗುತ್ತದೆ.

ಎಲ್ಲ ಶೀಟ್ ಕಳಿಸಿದವರಿಗೂ ಈ ಮೇಲ್ ಬಂದಿದೆ, ಅದು ಬೇಕೆಂದೇ. ಕಳಿಸಿದ್ದೇವೆ ಅಂದುಕೊಂಡಿರುವ ಶೀಟ್‌ ಸಿಸ್ಟಂನಲ್ಲಿ ಉಳಿದುಬಿಡುವುದು ತುಂಬಾ ಸುಲಭ. 14ರಲ್ಲಿ 9 ಬಾಕಿ ಆಗಿರುವುದು ಒಂದೇ ಕಾರಣಕ್ಕೆ: ಜೂನ್ 30 ಮಂಗಳವಾರ ಬಿದ್ದದ್ದರಿಂದ ಸಿಸ್ಟಂ ಆ ವಾರವನ್ನು ಎರಡು ಶೀಟ್ ಮಾಡಿದೆ. ಈಗ ತೆರೆದರೆ ನೇರವಾಗಿ ಜುಲೈ 1ರಿಂದ ಶುರುವಾಗುವ ಭಾಗ ಕಾಣುತ್ತದೆ. ಜೂನ್ 29 ಮತ್ತು 30ರ ಶೀಟ್ ಬೇಕೆಂದರೆ ಎಡಗಡೆಯ ಬಾಣ ಒತ್ತಿ ಹಿಂದೆ ಹೋಗಬೇಕು. ಪೂರ್ತಿ ವಾರಕ್ಕೆ ಬರುವ ಜ್ಞಾಪನೆ ಈ ಎರಡು ದಿನದ ಶೀಟ್‌ಗೆ ಬರುವುದೇ ಇಲ್ಲ. ಇದನ್ನು ಸರಿಮಾಡಲು ಐಟಿ ವಿಭಾಗಕ್ಕೆ ಕೋರಿಕೆ ಹೋಗಿದೆ.

ನೋಡಿಕೊಳ್ಳಲು ಎರಡು ನಿಮಿಷ ಸಾಕು. `My Timesheets` ತೆರೆದು ಜೂನ್ ಆರಿಸಿ. ಐದು ಸಾಲು ಇರಬೇಕು: ನಾಲ್ಕು ವಾರಕ್ಕೆ 40 ಗಂಟೆಯಂತೆ, ಕೊನೆಯದಕ್ಕೆ 16, ಒಟ್ಟು 176. ಐದೂ ಸಾಲಿನ ಮುಂದೆ `Submitted` ಅಥವಾ `Approved` ಇದ್ದರೆ ನಿಮ್ಮ ಕೆಲಸ ಮುಗಿಯಿತು. ಬಹಳ ದಿನದಿಂದ `Submitted` ಅಂತಲೇ ನಿಂತಿದ್ದರೆ ಅದು ಅನುಮೋದನೆ ಕೊಡುವವರ ಕಡೆ ಇದೆ. ಮತ್ತೆ ಕಳಿಸಬೇಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ.

`Draft` ಅಂತಿದ್ದರೆ ಸಾಮಾನ್ಯವಾಗಿ ಗಂಟೆ ಕಡಿಮೆ ಬಿದ್ದಿರುತ್ತದೆ. 40 ಆಗದಿದ್ದರೂ `Save` ಆಗುತ್ತದೆ, ಆದರೆ `Submit` ಗುಂಡಿ ಮಂಕಾಗಿಯೇ ಇರುತ್ತದೆ. ಹೆಚ್ಚಿನ ಸಲ ಕಾರಣ ರಜೆ: ರಜೆ ಅರ್ಜಿ ಹಾಕಿ ಒಪ್ಪಿಗೆಯಾದ ಮೇಲೆಯೇ ಆ ದಿನದ 8 ಗಂಟೆ ತಾನಾಗಿ ತುಂಬಿಕೊಳ್ಳುತ್ತದೆ. ಅರ್ಜಿ ಉಳಿದಿದ್ದರೆ ಇವತ್ತೇ ಹಾಕಿ. ಲೆಕ್ಕ ಸರಿಹೋಗಲಿ ಎಂದು ರಜೆಯ ಗಂಟೆಯನ್ನು ಪ್ರಾಜೆಕ್ಟ್ ಕೋಡ್‌ಗೆ ಹಾಕಲೇಬೇಡಿ, ಅದು ನೇರವಾಗಿ ಗ್ರಾಹಕರ ಬಿಲ್‌ಗೆ ಹೋಗುತ್ತದೆ.

`Rejected` ಬಂದಿದ್ದರೆ ಕೋಡ್ ನೋಡಿ. ನಿರ್ವಹಣೆ ಕೆಲಸದ ಹಳೆಯ ಕೋಡ್ `MNT-06` ಜೂನ್ 19ಕ್ಕೆ ಮುಚ್ಚಿದೆ, 22ರಿಂದ `MNT-07`. `Copy last week` ಒತ್ತಿದರೆ ಗಂಟೆಗಳ ಜೊತೆ ಹಳೆಯ ಕೋಡೂ ಬಂದು ಕೂರುತ್ತದೆ, ಆಗ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ವಾಪಸ್ ಬಂದ ಸುದ್ದಿ ತಿಳಿಸುವ ಮೇಲ್ ಇನ್‌ಬಾಕ್ಸ್‌ನ `Other` ಭಾಗಕ್ಕೆ ಹೋಗಿರಬಹುದು. ಕೋಡ್ ಬದಲಿಸಿ ಮತ್ತೆ `Submit` ಒತ್ತಿದರೆ ಸಾಕು.

ಹಿಂದಿನ ವಾರ ಏನು ಮಾಡಿದ್ದೆವು ಎಂದು ನೆನಪಾಗದಿದ್ದರೆ ಕ್ಯಾಲೆಂಡರ್ ಮತ್ತು ಟಿಕೆಟ್‌ಗಳ ಇತಿಹಾಸ ನೋಡಿ. ಅರ್ಧ ಗಂಟೆಯ ನಿಖರತೆ ಸಾಕು. ಪರೀಕ್ಷೆಗೆ ಹಿಡಿದ ಸಮಯವನ್ನು ಮಾತ್ರ ದಯವಿಟ್ಟು ಇದ್ದಷ್ಟೂ ಬರೆಯಿರಿ. ಮುಂದಿನ ತ್ರೈಮಾಸಿಕಕ್ಕೆ ಎಷ್ಟು ಜನ ಬೇಕೆಂದು ಕೇಳುವುದು ಇದೇ ಅಂಕಿಗಳ ಮೇಲೆ. ಇಲ್ಲಿ ಕಡಿಮೆ ತೋರಿಸಿದರೆ ಅದೇ ಕೆಲಸವನ್ನು ಕಡಿಮೆ ಜನ ಹೊರಬೇಕಾಗುತ್ತದೆ.

ನಾಳೆ ಸಂಜೆ 4ಕ್ಕೆ ಜೂನ್ ಲಾಕ್ ಆಗುತ್ತದೆ. ಆಮೇಲೆ ಬಂದ ಗಂಟೆಗಳು ಜುಲೈ ಬಿಲ್‌ನಲ್ಲಿ ಹೊಂದಾಣಿಕೆಯಾಗಿ ಸೇರುತ್ತವೆ, ಪ್ರತಿಯೊಂದಕ್ಕೂ ಬೇರೆ ಒಪ್ಪಿಗೆ ಬೇಕು. ಹೆಚ್ಚುವರಿ ಅವಧಿಯ ಹಣವೂ ಮುಂದಿನ ತಿಂಗಳ ಸಂಬಳಕ್ಕೆ ಹೋಗುತ್ತದೆ.

ನಾಳೆ ಬೆಳಿಗ್ಗೆ 11ರಿಂದ 11:30ರವರೆಗೆ ತಂಡದ ಕಾಲ್ ತೆರೆದಿರುತ್ತದೆ. ಸ್ಕ್ರೀನ್ ತೋರಿಸಿ, ಕೂಡಲೇ ಸರಿಮಾಡಿಕೊಳ್ಳಬಹುದು. ಎಲ್ಲರೆದುರು ಬೇಡ ಅನ್ನಿಸಿದರೆ ನನಗೊಬ್ಬರಿಗೇ ಮೆಸೇಜ್ ಮಾಡಿ, ತಡವಾದ ಕಾರಣ ಹೇಳಬೇಕಾಗಿಲ್ಲ. ನಾಳೆ ರಜೆಯಲ್ಲಿರುವವರು ಅಥವಾ ಲಾಗಿನ್ ಆಗದವರು ದಿನ, ಕೋಡ್, ಗಂಟೆ ಬರೆದು ಕಳಿಸಿ. ನಿಮ್ಮ ಪರವಾಗಿ ನಾನು ತುಂಬುತ್ತೇನೆ. ಈ ಮೇಲ್‌ಗೆ ಎಲ್ಲರಿಗೂ ಹೋಗುವಂತೆ ‘ನನ್ನದು ಆಯಿತು’ ಎಂದು ಉತ್ತರಿಸುವುದು ಬೇಡ. ಹಾಗೆ ಉತ್ತರಗಳು ಬರುತ್ತಾ ಹೋದರೆ ಬರೆಯದವರು ಯಾರೆಂದು ತಾನಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನ 2ರ ನಂತರವೂ ಬಾಕಿ ಇದ್ದರೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡುತ್ತೇನೆ, ಗ್ರೂಪ್‌ನಲ್ಲಿ ಪಟ್ಟಿ ಹಾಕುವುದಿಲ್ಲ.

ಜುಲೈ 31 ಶುಕ್ರವಾರ, ಹಾಗಾಗಿ ಈ ತಿಂಗಳು ವಾರ ಮುರಿಯುವುದಿಲ್ಲ. ಆಗಸ್ಟ್ 31 ಸೋಮವಾರ. ಅವತ್ತಿಗೆ ಒಂದೇ ದಿನದ, 8 ಗಂಟೆಯ ಶೀಟ್ ಇರುತ್ತದೆ. ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ವಂದನೆಗಳು,
ಪ್ರಾಜೆಕ್ಟ್ ಕೋಆರ್ಡಿನೇಟರ್