ಕೈತೋಟದ ಬೀಜ ದಾಖಲೆ, 2024-25

ಬೀಜದ ಗುರುತು: ಬೆಳೆಯ ಹೆಸರು, ಕುಯ್ಲಿನ ವರ್ಷ, ಕಂತು. ಇದೇ ಗುರುತು ಶೀಷೆಯ ಹೊರಗೂ ಒಳಗಿನ ಚೀಟಿಯಲ್ಲೂ ಇರಬೇಕು. ಒಳಗಿನ ಚೀಟಿ ಪೆನ್ಸಿಲ್‌ನಲ್ಲೇ ಬರೆದದ್ದು, ಏಕೆಂದರೆ ಶಾಯಿ ತೇವ ತಗುಲಿದರೆ ಹರಡುತ್ತದೆ. ಹೈಬ್ರಿಡ್ ಬೀಜದಿಂದ ಬೆಳೆದ ಯಾವ ಗಿಡದ ಬೀಜವನ್ನೂ ಇಲ್ಲಿ ಸೇರಿಸಿಲ್ಲ. ಅದರ ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ತರ ಬರುತ್ತದೆ.

ಮೊಳಕೆ ಪರೀಕ್ಷೆಯ ಕ್ರಮ (ಎಲ್ಲ ಬೆಳೆಗೂ ಒಂದೇ)

ಪ್ರತಿ ಪರೀಕ್ಷೆಗೆ 50 ಬೀಜ, 25ರ ಎರಡು ಗುಂಪು. ಬೀಜಗಳನ್ನು ಆರಿಸಬಾರದು. ಶೀಷೆ ಅಲುಗಿಸಿ ಸುರಿದಾಗ ಬಂದವನ್ನೇ ಎಣಿಸಬೇಕು. ದಪ್ಪನೆಯವನ್ನು ಹೆಕ್ಕಿ ಪರೀಕ್ಷೆಗೆ ಇಟ್ಟರೆ ಶೇಕಡಾವಾರು ಚೆಂದ ಕಾಣುತ್ತದೆ, ಪಾತಿಯಲ್ಲಿ ಮಾತ್ರ ಅದು ಸಿಗುವುದಿಲ್ಲ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಬೀಜ ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ, ಮುಚ್ಚಳ ಸಡಿಲ ಬಿಟ್ಟ ಡಬ್ಬಿಯಲ್ಲಿ 25ರಿಂದ 30 ಡಿಗ್ರಿ ಶಾಖದಲ್ಲಿ ಇಡುವುದು. ಬಟ್ಟೆ ಒತ್ತಿದರೆ ನೀರು ಜಿನುಗಬಾರದು. ನೀರು ಹೆಚ್ಚಾದರೆ ಗಾಳಿ ಸಿಗದೆ ಬೀಜ ಕೊಳೆಯುತ್ತದೆ, ಆಗ ಒಳ್ಳೆಯ ಬೀಜವೂ ಸತ್ತ ಲೆಕ್ಕಕ್ಕೆ ಬೀಳುತ್ತದೆ.

ಎಣಿಕೆ ಎರಡು ಸಲ. ಮೊದಲ ಎಣಿಕೆ ಬೀಜದ ಚುರುಕು ಹೇಳುತ್ತದೆ, ಕೊನೆಯದು ಒಟ್ಟು ಜೀವ ಹೇಳುತ್ತದೆ. ಬೇರು ಮೂಡಿದ್ದೆಲ್ಲ ಮೊಳಕೆಯಲ್ಲ: ಬೇರೂ ಕುಡಿಯೂ ಸರಿಯಾಗಿ ಇರುವುದನ್ನು ಮಾತ್ರ ಎಣಿಸಬೇಕು. ತಿರುಚಿದ್ದು, ಕುಡಿಯಿಲ್ಲದ್ದು 'ವಿಕಾರ' ಕಲಮಿಗೆ, ಮೆತ್ತಗಾಗಿ ಬೂಷ್ಟು ಹಿಡಿದದ್ದು 'ಸತ್ತದ್ದು' ಕಲಮಿಗೆ, ನೀರೇ ಕುಡಿಯದೆ ಗಟ್ಟಿಯಾಗಿ ಉಳಿದದ್ದು 'ಗಟ್ಟಿ' ಕಲಮಿಗೆ. ಗಟ್ಟಿ ಬೀಜ ಸತ್ತ ಬೀಜವಲ್ಲ. 50 ಬೀಜದ ಪರೀಕ್ಷೆಯಲ್ಲಿ ಶೇ 10ರ ಏರಿಳಿತ ಬರೀ ಆಕಸ್ಮಿಕ ಆಗಿರಬಹುದು, ಅಷ್ಟಕ್ಕೇ ಕಂತನ್ನು ಬಿಸಾಡಬಾರದು.

ಬೀನ್ಸ್-25-1
ತಳಿ: ಅರ್ಕ ಕೋಮಲ್, ಪೊದೆ ಬೀನ್ಸ್.
ಬೀಜಕ್ಕೆ ಬಿಟ್ಟದ್ದು: 20 ಗಿಡ. ಎಲೆ ಮುದುಡಿ ಹಳದಿ ಮಚ್ಚೆ ಕಂಡ 3 ಗಿಡಗಳನ್ನು ಹೂವಿಗೆ ಮೊದಲೇ ಕಿತ್ತದ್ದು. ಮೊಸಾಯಿಕ್ ನಂಜು ಬೀಜದ ಮೂಲಕವೇ ಮುಂದಿನ ಬೆಳೆಗೆ ಹೋಗುತ್ತದೆ, ಆದ್ದರಿಂದ ಅಂಥ ಗಿಡದ ಒಂದು ಕಾಯಿಯೂ ಬೀಜಕ್ಕೆ ಬೇಡ.
ಕುಯ್ಲು: 18-1-2025. ಸಿಪ್ಪೆ ಒಣಗಿ ಕಂದಾಗಿ, ಅಲುಗಿಸಿದರೆ ಸದ್ದು ಬರುವಾಗ.
ಸಂಸ್ಕರಣೆ: ಕೈಯಲ್ಲಿ ಬಿಡಿಸಿದ್ದು. ಕೋಲಿನಿಂದ ಬಡಿದರೆ ಬೀಜದೊಳಗೆ ಕಾಣದ ಬಿರುಕು ಬಿಟ್ಟು, ಕುಡಿಯಿಲ್ಲದ ಬೋಳು ಮೊಳಕೆ ಬರುತ್ತದೆ. ಕಲೆ ಇದ್ದವನ್ನು, ಸುಕ್ಕಿದ್ದವನ್ನು ಆರಿಸಿ ತೆಗೆದದ್ದು. ಉಳಿದದ್ದು 310 ಗ್ರಾಂ.
ಒಣಗಿಸಿದ್ದು: ನೆರಳಲ್ಲಿ 9 ದಿನ. ಸುತ್ತಿಗೆಯಿಂದ ಹೊಡೆದಾಗ ಬೀಜ ಪುಡಿಯಾಗಿ ಸಿಡಿಯಬೇಕು. ಜಜ್ಜಿಹೋದರೆ ಇನ್ನೂ ಹಸಿ.
ಹುಳದ ತಡೆ: ಗಾಳಿ ಆಡದ ಶೀಷೆಯಲ್ಲಿ ಹಾಕಿ, ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ 7 ದಿನ. ತೆಗೆದ ಮೇಲೆ ಶೀಷೆಯನ್ನು ಒಂದು ದಿನ ಮುಚ್ಚಿಯೇ ಇಟ್ಟು, ಹೊರಗಿನ ಶಾಖಕ್ಕೆ ಬಂದ ನಂತರ ತೆರೆದದ್ದು. ತಣ್ಣಗಿರುವಾಗಲೇ ತೆರೆದರೆ ಬೀಜದ ಮೇಲೆ ನೀರು ಕಟ್ಟುತ್ತದೆ. ಹಸಿ ಬೀಜವನ್ನು ಫ್ರೀಜರ್‌ಗೆ ಹಾಕಿದರೆ ಒಳಗಿನ ನೀರು ಹೆಪ್ಪುಗಟ್ಟಿ ಭ್ರೂಣ ಸಾಯುತ್ತದೆ, ಹಾಗಾಗಿ ಒಣಗಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಈ ಹೆಜ್ಜೆ.
ಪರೀಕ್ಷೆ 24-2-2025: 5ನೇ ದಿನ 40, 9ನೇ ದಿನ 47. ವಿಕಾರ 2, ಸತ್ತದ್ದು 1. ಶೇ 94.
ಪರೀಕ್ಷೆ 6-10-2025: 9ನೇ ದಿನ 46. ಶೇ 92. ಹುಳದ ತೂತು ಇಲ್ಲ.

ಟೊಮೆಟೊ-25-1
ತಳಿ: ಪೂಸಾ ರೂಬಿ. 4 ಗಿಡ, 14 ಹಣ್ಣು. ಪೂರ್ತಿ ಕೆಂಪಾಗಿ ಒತ್ತಿದರೆ ತುಸು ಮೆತ್ತಗಾದವು. ಗಿಡದಲ್ಲೇ ಕೊಳೆಯಲು ಬಿಟ್ಟ ಹಣ್ಣಿನಲ್ಲಿ ಬೀಜ ಒಳಗೇ ಮೊಳೆಯುವುದುಂಟು, ಅಂಥವನ್ನು ಬಿಟ್ಟದ್ದು.
ಕುಯ್ಲು: 12-2-2025.
ಹುಳಿಸಿದ್ದು: ತಿರುಳು ಸಮೇತ ಬೀಜ ಗಾಜಿನ ಪಾತ್ರೆಯಲ್ಲಿ, ನೀರು ಸೇರಿಸದೆ, 2 ದಿನ. ದಿನಕ್ಕೆರಡು ಸಲ ಕಲಕಿದ್ದು. ಬೀಜದ ಸುತ್ತಲಿನ ಲೋಳೆಯಲ್ಲಿ ಮೊಳಕೆ ತಡೆಯುವ ಅಂಶವಿದೆ, ಅದು ಹುಳಿಯುವಾಗ ಕರಗಿ ಹೋಗುತ್ತದೆ. ಸೆಕೆಗಾಲದಲ್ಲಿ ಮೂರನೆಯ ದಿನ ದಾಟಿದರೆ ಬೀಜ ಪಾತ್ರೆಯಲ್ಲೇ ಮೊಳೆಯಲು ಶುರುವಾಗುತ್ತದೆ. ನೀರು ಹಾಕಿ ತೇಲಿದ ಜೊಳ್ಳು ಬಸಿದು, ತಳಕ್ಕೆ ಇಳಿದದ್ದನ್ನು ಐದಾರು ನೀರಲ್ಲಿ ತೊಳೆದದ್ದು.
ಒಣಗಿಸಿದ್ದು: ಪಿಂಗಾಣಿ ತಟ್ಟೆಯಲ್ಲಿ 5 ದಿನ, ಫ್ಯಾನಿನ ಗಾಳಿಗೆ, ದಿನಾ ಬೆರಳಿನಿಂದ ಬಿಡಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡಿಸಲಾಗದು.
ತೂಕ: 5 ಗ್ರಾಂ.
ಪರೀಕ್ಷೆ 20-3-2025: 5ನೇ ದಿನ 31, 14ನೇ ದಿನ 46. ಶೇ 92.
ಪರೀಕ್ಷೆ 22-9-2025: 5ನೇ ದಿನ 29, 14ನೇ ದಿನ 45. ಶೇ 90.

ಮೆಣಸು-25-1 ಮತ್ತು 25-2 (ಒಂದೇ ಕುಯ್ಲು, ಎರಡು ಶೇಖರಣೆ)
ತಳಿ: ಪೂಸಾ ಜ್ವಾಲಾ. ಮೆಣಸಿನ ಹೂವು ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ಆದರೆ ಜೇನು, ಸಣ್ಣ ಹುಳು ಪಕ್ಕದ ಗಿಡದ ಪರಾಗ ತರುತ್ತವೆ. ಬೇರೆ ಮೆಣಸು ಹತ್ತಿರವಿದ್ದ ಕಾರಣ 5 ಗಿಡಗಳಿಗೆ ಸೊಳ್ಳೆಪರದೆಯ ಗೂಡು ಕಟ್ಟಿ, ಹೂವಿರುವಾಗ ದಿನಾ ಬೆಳಿಗ್ಗೆ ಕೊಂಬೆ ಅಲುಗಿಸಿದ್ದು. ಗೂಡಿಗೆ ಮೊದಲೇ ಕಟ್ಟಿದ್ದ ಕಾಯಿಗಳನ್ನೆಲ್ಲ ಕಿತ್ತದ್ದು.
ಕುಯ್ಲು: 4-3-2025. ಪೂರ್ತಿ ಕೆಂಪಾದ 60 ಕಾಯಿ. ಬೀಜ ತೆಗೆಯುವಾಗ ಕೈಗವಸು ಬೇಕೇ ಬೇಕು.
ಒಣಗಿಸಿದ್ದು: ನೆರಳಲ್ಲಿ 8 ದಿನ, 35 ಡಿಗ್ರಿ ಮೀರದಂತೆ. ಬಿಸಿಲಿಗೆ ಕಾದ ತಗಡಿನ ಮೇಲೆ ಹರಡಬಾರದು.
ತೂಕ: 15 ಗ್ರಾಂ.

ಈ ಕಂತನ್ನು ಬೇಕೆಂದೇ ಎರಡು ಮಾಡಿದ್ದು. 25-1: 9 ಗ್ರಾಂ, ಗಾಜಿನ ಶೀಷೆಯಲ್ಲಿ 9 ಗ್ರಾಂ ಸಿಲಿಕಾ ಜೆಲ್ ಜೊತೆ ಒಂದು ವಾರ ಇಟ್ಟು, ಜೆಲ್ ತೆಗೆದು, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿ. ಶೀಷೆಯೊಳಗಿನ ತೇವಮಾಪಕ ಮುಚ್ಚುವಾಗ ಶೇ 34 ತೋರಿಸಿತು, 30ರಿಂದ 40ರ ನಡುವೆ ಇದ್ದರೆ ಸಾಕು. 25-2: 6 ಗ್ರಾಂ, ಕಾಗದದ ಲಕೋಟೆಯಲ್ಲಿ, ಅಡುಗೆಮನೆಯ ಕಪಾಟಿನ ತಗಡಿನ ಡಬ್ಬಿಯೊಳಗೆ.

ಪರೀಕ್ಷೆ 10-4-2025, ಎರಡೂ ಸೇರಿ: 7ನೇ ದಿನ 24, 14ನೇ ದಿನ 43. ಶೇ 86.
ಪರೀಕ್ಷೆ 13-10-2025, ಮಳೆಗಾಲ ಕಳೆದ ಮೇಲೆ:
25-1: 7ನೇ ದಿನ 22, 14ನೇ ದಿನ 42, ವಿಕಾರ 2, ಸತ್ತದ್ದು 6. ಶೇ 84.
25-2: 7ನೇ ದಿನ 6, 14ನೇ ದಿನ 27, ವಿಕಾರ 6, ಸತ್ತದ್ದು 17. ಶೇ 54.

ಟಿಪ್ಪಣಿ: ಕಾಗದದ ಲಕೋಟೆ ಮಳೆಗಾಲದ ತೇವವನ್ನು ತಡೆಯುವುದಿಲ್ಲ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು, ಶೇಖರಣೆಯ ಶಾಖ 5 ಡಿಗ್ರಿ ಇಳಿದರೆ ಇನ್ನೊಮ್ಮೆ ಎರಡು ಪಟ್ಟು ಎಂಬುದು ಬೀಜ ಶೇಖರಣೆಯ ಹಳೆಯ ಲೆಕ್ಕ. ಇಲ್ಲಿ ಎರಡೂ ಒಟ್ಟಿಗೆ ಕೈಕೊಟ್ಟಿವೆ. ಶೇ 54ಕ್ಕಿಂತ ಗಂಭೀರವಾದದ್ದು ಮೊದಲ ಎಣಿಕೆಯ 6. ಏಳುವ ಬೀಜವೂ ನಿಧಾನ, ಸಸಿ ಬಲಹೀನ, ಪಾತಿಯಲ್ಲಿ ಬುಡಕೊಳೆ ಇಂಥವನ್ನೇ ಮೊದಲು ಹಿಡಿಯುತ್ತದೆ. 25-2 ಅನ್ನು ಮುಂದಿನ ವರ್ಷಕ್ಕೆ ಇಡುವುದು ಬೇಡ, ಈ ಸಲವೇ ಟ್ರೇಯಲ್ಲಿ ಗುಳಿಗೆ 2 ಬೀಜದಂತೆ ಹಾಕಿ ಮುಗಿಸುವುದು. ತಳಿ ಉಳಿಸಲು 25-1 ಮಾತ್ರ.

ಹೀರೆ-25-1
ತಳಿ: ಅರ್ಕ ಸುಮೀತ್.
ಪರಾಗಸ್ಪರ್ಶ: ಕೈಯಿಂದ. ಹೀರೆಯ ಹೂವು ಸಂಜೆ ಅರಳುತ್ತದೆ, ಸೌತೆಯಂತೆ ಬೆಳಿಗ್ಗೆಯಲ್ಲ. ಅಂದು ಸಂಜೆ ಅರಳಲಿರುವ, ತುದಿ ಹಳದಿ ತಿರುಗಿದ ಹೆಣ್ಣು ಮೊಗ್ಗು ಮತ್ತು ಗಂಡು ಮೊಗ್ಗುಗಳನ್ನು ಮಧ್ಯಾಹ್ನವೇ ದಾರದಿಂದ ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಬೇರೆ ಬಳ್ಳಿಯ ಗಂಡು ಹೂವಿನ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿದ್ದು. ತೊಟ್ಟಿಗೆ ಕೆಂಪು ನೂಲಿನ ಗುರುತು. 9 ಹೂವು ಕಟ್ಟಿದ್ದರಲ್ಲಿ 5 ಕಾಯಿ ನಿಂತವು, 4 ಬೀಜಕ್ಕೆ ಬಿಟ್ಟದ್ದು. ಬೆಳಿಗ್ಗೆ ಕಟ್ಟಲು ಹೋದರೆ ಹಿಂದಿನ ಸಂಜೆ ಅರಳಿದ ಹೂವಿಗೆ ಹುಳುಗಳು ಆಗಲೇ ಬಂದುಹೋಗಿರುತ್ತವೆ.
ಕುಯ್ಲು: 9-4-2025. ಕಾಯಿ ಕಂದಾಗಿ ಹಗುರವಾಗಿ, ಒಳಗೆ ಬೀಜ ಗಲಗಲ ಅನ್ನುವಾಗ. ತುದಿಯ ಮುಚ್ಚಳ ಕಳಚಿ ಬೀಜ ಸುರಿದು, ಬೆಳ್ಳಗಿರುವ, ಹಗುರದ ಬೀಜ ತೂರಿ ತೆಗೆದದ್ದು. ಉಳಿದದ್ದು 41 ಗ್ರಾಂ.
ಪರೀಕ್ಷೆ 12-5-2025, ರಾತ್ರಿ ನೆನೆಸಿ: 14ನೇ ದಿನ 38, ಗಟ್ಟಿ 9, ಸತ್ತದ್ದು 3. ಶೇ 76.
ಪರೀಕ್ಷೆ 18-8-2025: 14ನೇ ದಿನ 45, ಗಟ್ಟಿ 2. ಶೇ 90.
ಟಿಪ್ಪಣಿ: ಶೇಕಡಾವಾರು ಏರಿದ್ದು ಹೊಸ ಬೀಜದ ನಿದ್ರಾವಸ್ಥೆ ಕಳೆದ ಕಾರಣ. ಕುಯ್ಲಾದ ತಿಂಗಳಲ್ಲೇ ಹೀರೆಯನ್ನು ಅಳೆದು ಕಂತು ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಬೆಂಡೆ-25-1
ತಳಿ: ಅರ್ಕ ಅನಾಮಿಕ. ಮೊಗ್ಗಿನ ಮೇಲೆ ಹಿಂದಿನ ಸಂಜೆ ಕಾಗದದ ಚೀಲ. 8 ಕಾಯಿ, 24 ಗ್ರಾಂ. ಕುಯ್ಲು 25-1-2025, ಏಣು ಬಿರಿಯಲು ಶುರುವಾದಾಗ.
ಪರೀಕ್ಷೆ 3-3-2025: 4ನೇ ದಿನ 18, 21ನೇ ದಿನ 41. ಗಟ್ಟಿ 5, ಸತ್ತದ್ದು 4. ಶೇ 82. ಗಟ್ಟಿ ಐದನ್ನೂ ಮರಳು ಕಾಗದಕ್ಕೆ ತಿಕ್ಕಿ ನೆನೆಸಿದಾಗ ನಾಲ್ಕು ಮೊಳೆತವು. ಬೆಂಡೆ ತೀರಾ ಒಣಗಿದರೆ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ, ಬಿತ್ತುವ ಹಿಂದಿನ ರಾತ್ರಿ ನೆನೆಸುವುದು.

ಹರಿವೆ-25-1
ತಳಿ: ಹಸಿರೆಲೆಯ ಹರಿವೆ, 22 ಗಿಡ. ಗಾಳಿಯಿಂದ ಪರಾಗ ಹರಡುವ ಬೆಳೆ, ಕೆಂಪು ಹರಿವೆ ಅದೇ ಸಾಲಿನ ಕೊನೆಯಲ್ಲಿತ್ತು. ಕುಯ್ಲು 2-3-2025, ತೆನೆ ತಿಕ್ಕಿದರೆ ಕಪ್ಪು ಹೊಳೆಯುವ ಬೀಜ ಉದುರುವಾಗ. 30 ಗ್ರಾಂ.
ಪರೀಕ್ಷೆ 28-4-2025: 50ರಲ್ಲಿ 44. ಶೇ 88.
ಶುದ್ಧತೆಗೆ ಬೇರೆಯೇ 200 ಸಸಿ ಎಬ್ಬಿಸಿ ಎಣಿಸಿದ್ದು: ಕೆಂಪು 7. ಕೆಂಪು ಬಣ್ಣ ಹಸಿರಿನ ಮೇಲೆ ಮೇಲುಗೈ ಆಗುವುದರಿಂದ ಈ ಶೇ 3.5 ನೇರವಾಗಿ ಬೆರಕೆಯ ಪ್ರಮಾಣ. ಬೀಜಕ್ಕೆ ಬಿಡುವ ಪಾತಿಯಲ್ಲಿ ಎರಡೆಲೆ ಹಂತದಲ್ಲೇ ಕೆಂಪು ಸಸಿ ಕೀಳುವುದು. ಎರಡು ಬಣ್ಣವನ್ನು ಒಂದೇ ಕಾಲಕ್ಕೆ ಹೂವಿಗೆ ಬಿಡಬಾರದು.

ಬಿತ್ತನೆಗೆ ಲೆಕ್ಕ, 20-11-2025
ಬೇಕಾದ ಸಸಿಯನ್ನು ಶೇಕಡಾವಾರಿನಿಂದ ಭಾಗಿಸಿ, ಅದರ ಮೇಲೆ ಹತ್ತಕ್ಕೊಂದು ಹೆಚ್ಚು. ಟೊಮೆಟೊ 20 ಸಸಿಗೆ 25 ಬೀಜ. ಮೆಣಸು 25-1ರಿಂದ 20 ಸಸಿಗೆ 27, 25-2ರಿಂದಾದರೆ 41. ಹೀರೆ 6 ಬಳ್ಳಿಗೆ 8. ಬೆಂಡೆ 30 ಗಿಡಕ್ಕೆ 41, ನೆನೆಸಿದ್ದು.
ಮುಂದಿನ ಪರೀಕ್ಷೆ: ಬೆಂಡೆ, ಹರಿವೆ 2026ರ ಜನವರಿ, ಉಳಿದದ್ದು ಏಪ್ರಿಲ್. ಶೇ 70ಕ್ಕಿಂತ ಇಳಿದ ಕಂತನ್ನು ಆ ವರ್ಷವೇ ಬೆಳೆದು ಹೊಸ ಬೀಜ ತೆಗೆಯುವುದು.